ರೇಶಿಯೊ ಲೆಕ್ಕ ಹಾಕಿದ್ದಾಯ್ತು, ಕೆಳಗೆ ಏನು ಬರೆಯಲಿ? ಒಂದು ಅಕ್ಕಿ ಗಿರಣಿಯ ಮೂರು ವರ್ಷದ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗಂಗಾವತಿ ಕಡೆ ಡಿಗ್ರಿ ಮಕ್ಕಳಿಗೆ ಕಾಮರ್ಸ್ ಹೇಳಿಕೊಡುತ್ತೇನೆ. ಪ್ರತಿ ವರ್ಷ ರೇಶಿಯೊ ಅನಾಲಿಸಿಸ್ ಅಸೈನ್‌ಮೆಂಟ್ ಬಂದಾಗ ಒಂದೇ ತೊಂದರೆ ಕಾಣುತ್ತದೆ. ಲೆಕ್ಕ ಸರಿ ಇರುತ್ತದೆ, ದಶಾಂಶವೂ ತಪ್ಪಿರುವುದಿಲ್ಲ. ಕೆಳಗೆ ಮಾತ್ರ ಒಂದೇ ಸಾಲು: "ಕರೆಂಟ್ ರೇಶಿಯೊ 1.5ರಿಂದ 1.7ಕ್ಕೆ ಏರಿದೆ, ಇದು ಉತ್ತಮ." ಯಾಕೆ ಏರಿತು, ಯಾರಿಗೆ ಉತ್ತಮ ಅನ್ನುವುದು ಇರುವುದಿಲ್ಲ. ಆ ಸಾಲಿನ ನಂತರ ಏನು ಬರೆಯಬೇಕು ಅಂತ ಮಕ್ಕಳು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಒಂದು ಅಕ್ಕಿ ಗಿರಣಿಯ ಉದಾಹರಣೆ ಇಟ್ಟುಕೊಂಡು ಬಿಡಿಸಿದ್ದೇನೆ. ಅಂಕಿಗಳು ಕ್ಲಾಸಿಗಾಗಿ ನಾನೇ ಕಟ್ಟಿದವು. ಆದರೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಗಿರಣಿಗಳ ವ್ಯವಹಾರ ನಡೆಯುವ ರೀತಿಯಲ್ಲೇ ಕಟ್ಟಿದ್ದೇನೆ.

ಯಾವ ಅಂಕಿಗಳನ್ನು ಇಟ್ಟುಕೊಂಡು ಮಾತಾಡುತ್ತಿದ್ದೇವೆ?

ಎಲ್ಲವೂ ಲಕ್ಷ ರೂಪಾಯಿಗಳಲ್ಲಿ. ಸ್ಟಾಕು, ಬಾಕಿ, ಸಾಲಗಳು ಆಯಾ ವರ್ಷದ ಮಾರ್ಚ್ 31ರಂದು ಇದ್ದಂತೆ. ಲಾಭ ತೆರಿಗೆಗೆ ಮುಂಚಿನದು.

| | ಮೊದಲ ವರ್ಷ | ಎರಡನೇ ವರ್ಷ | ಮೂರನೇ ವರ್ಷ |
|---|---|---|---|
| ಮಾರಾಟ | 1200 | 1300 | 1400 |
| ಒಟ್ಟು ಲಾಭ | 108 | 120 | 133 |
| ಬಡ್ಡಿ, ಬ್ಯಾಂಕ್ ಖರ್ಚು | 22 | 34 | 46 |
| ಉಳಿದ ಖರ್ಚು | 56 | 60 | 66 |
| ನಿವ್ವಳ ಲಾಭ | 30 | 26 | 21 |
| ಸ್ಟಾಕ್ | 170 | 245 | 330 |
| ಉದ್ರಿ ಬಾಕಿ (ಬರಬೇಕಾದದ್ದು) | 100 | 135 | 170 |
| ನಗದು | 30 | 20 | 10 |
| ಬ್ಯಾಂಕಿನ ಕ್ಯಾಶ್ ಕ್ರೆಡಿಟ್, ಅಂದರೆ ಸಿಸಿ ಸಾಲ | 120 | 175 | 230 |
| ಕೊಡಬೇಕಾದ ಬಾಕಿ | 80 | 75 | 70 |
| ದೀರ್ಘಾವಧಿ ಸಾಲ | 90 | 140 | 190 |

ಒಮ್ಮೆ ಪೆನ್ನು ಕೆಳಗಿಟ್ಟು ಈ ಪಟ್ಟಿಯನ್ನು ಸುಮ್ನೆ ಓದಿ. ರೇಶಿಯೊ ಹಾಕುವ ಮೊದಲೇ ಕತೆ ಅರ್ಧ ಕಾಣುತ್ತದೆ. ಮಾರಾಟ ನಿಧಾನಕ್ಕೆ ಏರಿದೆ, ಸ್ಟಾಕು ಹೆಚ್ಚುಕಡಿಮೆ ಎರಡರಷ್ಟಾಗಿದೆ, ನಗದು ಮೂರರಲ್ಲಿ ಒಂದು ಭಾಗಕ್ಕೆ ಇಳಿದಿದೆ.

ಕರೆಂಟ್ ರೇಶಿಯೊ 1.5, 1.6, 1.7 ಅಂತ ಏರಿದೆ. ಲಿಕ್ವಿಡಿಟಿ ಸುಧಾರಿಸಿದೆ ಅಂತ ಬರೆಯಬಹುದಲ್ವಾ?

ಬರೆಯುವ ಮೊದಲು ಮೇಲಿನ ಅಂಕಿಯನ್ನು ಬಿಡಿಸಿ ನೋಡಿ. ಮೂರನೇ ವರ್ಷ ಚಾಲ್ತಿ ಆಸ್ತಿ 510, ಸಿಸಿ ಮತ್ತು ಕೊಡಬೇಕಾದ ಬಾಕಿ ಸೇರಿ ಚಾಲ್ತಿ ಹೊಣೆ 300. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದ್ದೇ ಕರೆಂಟ್ ರೇಶಿಯೊ. ಆ 510ರಲ್ಲಿ 330 ಭತ್ತ, 170 ಉದ್ರಿ, ನಗದು ಬರೀ 10. ಮೊದಲ ವರ್ಷ 300ರಲ್ಲಿ ನಗದು 30 ಇತ್ತು. ಅಂದರೆ ರೇಶಿಯೊವನ್ನು ಮೇಲೆತ್ತಿದ್ದು ಗೋದಾಮಿನಲ್ಲಿ ಕೂತ ಭತ್ತ ಮತ್ತು ಇನ್ನೂ ಕೈಗೆ ಬರದ ಉದ್ರಿ.

ಇದನ್ನು ತಿಂಗಳ ಲೆಕ್ಕಕ್ಕೆ ತಂದರೆ ಓದುವವರಿಗೆ ತಕ್ಷಣ ಅರ್ಥವಾಗುತ್ತದೆ. ಮೊದಲ ವರ್ಷ ಹಮಾಲಿ, ಕರೆಂಟ್, ಸಂಬಳ, ಬಡ್ಡಿ ಎಲ್ಲ ಸೇರಿ 78 ಲಕ್ಷ, ತಿಂಗಳಿಗೆ ಆರೂವರೆ ಲಕ್ಷ. ಕೈಯಲ್ಲಿದ್ದ 30 ಲಕ್ಷ ನಾಲ್ಕೂವರೆ ತಿಂಗಳಿಗೆ ಸಾಕಿತ್ತು. ಮೂರನೇ ವರ್ಷ ಅದೇ ಖರ್ಚು 112 ಲಕ್ಷ, ತಿಂಗಳಿಗೆ ಒಂಬತ್ತೂ ಕಾಲು ಲಕ್ಷದ ಮೇಲೆ. ಕೈಯಲ್ಲಿರುವ 10 ಲಕ್ಷ ಒಂದು ತಿಂಗಳು ದಾಟುವುದೇ ಕಷ್ಟ. ಕರೆಂಟ್ ರೇಶಿಯೊ ಏರಿದ ಅದೇ ಎರಡು ವರ್ಷದಲ್ಲಿ ಇದು ಆಗಿದೆ. ಈ ಎರಡು ಮಾತನ್ನು ಒಂದೇ ಪ್ಯಾರಾದಲ್ಲಿ ಪಕ್ಕಪಕ್ಕ ಇಡಿ. ನಾನು ವಿಶ್ಲೇಷಣೆ ಅಂತ ಹುಡುಕುವುದು ಅದನ್ನೇ.

ಪುಸ್ತಕದಲ್ಲಿ 2:1 ಆದರ್ಶ ಅಂತಿದೆ. 1.7 ಅದಕ್ಕಿಂತ ಕಡಿಮೆ. ಹಾಗಾದರೆ "ತೃಪ್ತಿಕರವಲ್ಲ" ಅಂತ ಬರೆಯಲಾ?

ಬೇಡ. 2:1 ಒಂದು ಹಳೆಯ ರೂಢಿ, ಅಷ್ಟೇ. ನಮ್ಮಲ್ಲಿ ಬ್ಯಾಂಕುಗಳು ದುಡಿಯುವ ಬಂಡವಾಳಕ್ಕೆ ಸಾಲ ಕೊಡುವಾಗ ಬಹುಕಾಲ ಹಿಡಿದ ಅಳತೆ 1.33. ಅದು ರಿಸರ್ವ್ ಬ್ಯಾಂಕ್ ನೇಮಿಸಿದ್ದ ಟಂಡನ್ ಸಮಿತಿಯ ಎರಡನೇ ವಿಧಾನದಿಂದ ಬಂದದ್ದು. ಚಾಲ್ತಿ ಆಸ್ತಿಯ ಕಾಲು ಭಾಗಕ್ಕೆ ಮಾಲೀಕರು ದೀರ್ಘಾವಧಿ ಹಣ ಹಾಕಬೇಕು, ಉಳಿದ ಮುಕ್ಕಾಲು ಭಾಗ ಚಾಲ್ತಿ ಹೊಣೆಯಿಂದ ಬರಬಹುದು ಅನ್ನುವುದು ಅದರ ಲೆಕ್ಕ. ನೂರನ್ನು ಎಪ್ಪತ್ತೈದರಿಂದ ಭಾಗಿಸಿದರೆ 1.33.

ಆ ಅಳತೆಯಲ್ಲಿ ನಮ್ಮ ಗಿರಣಿ ಮೂರೂ ವರ್ಷ ಪಾಸು. ಆದರೂ ನಗದಿಗೆ ತೊಂದರೆ ಇದೆ. ಆದ್ದರಿಂದ ಯಾವ ಆದರ್ಶ ಸಂಖ್ಯೆಯನ್ನೂ ತೀರ್ಪು ಅಂತ ಹಿಡಿಯಬೇಡಿ.

ಕ್ವಿಕ್ ರೇಶಿಯೊ ಎರಡು ಪುಸ್ತಕದಲ್ಲಿ ಎರಡು ಥರ ಬರುತ್ತಿದೆ. ಯಾವುದು ಸರಿ?

ಈ ಪ್ರಶ್ನೆ ಕೇಳಿದವರು ಪುಸ್ತಕವನ್ನು ನಿಜವಾಗಿ ಓದಿದ್ದಾರೆ ಅಂತ ನನಗೆ ಖುಷಿಯಾಗುತ್ತದೆ. ಕೆಲವು ಪುಸ್ತಕಗಳು ಸ್ಟಾಕನ್ನು ಬಿಟ್ಟು ಉಳಿದ ಚಾಲ್ತಿ ಆಸ್ತಿಯನ್ನು ಎಲ್ಲ ಚಾಲ್ತಿ ಹೊಣೆಯಿಂದ ಭಾಗಿಸುತ್ತವೆ. ಇನ್ನು ಕೆಲವು, ಬ್ಯಾಂಕ್ ಓವರ್‌ಡ್ರಾಫ್ಟ್ ಮತ್ತು ಸಿಸಿ ಸಾಲವನ್ನು ಕೆಳಗಿನ ಅಂಕಿಯಿಂದ ತೆಗೆದುಹಾಕಲು ಹೇಳುತ್ತವೆ. ವರ್ಷ ವರ್ಷ ನವೀಕರಣವಾಗುವ ಸಾಲ, ತಕ್ಷಣ ತೀರಿಸಬೇಕಾಗಿಲ್ಲ ಅನ್ನುವುದು ಅವರ ವಾದ.

ನಮ್ಮ ಗಿರಣಿಗೆ ಎರಡನ್ನೂ ಹಾಕಿ ನೋಡಿ. ಸಿಸಿ ಸೇರಿಸಿದರೆ 0.65, 0.62, 0.60. ಅಂದರೆ ಇಳಿಕೆ. ಸಿಸಿ ಬಿಟ್ಟರೆ 130 ಭಾಗಿಸು 80 ಅಂದರೆ 1.63, ಆಮೇಲೆ 2.07, ಆಮೇಲೆ 2.57. ಅಂದರೆ ಏರಿಕೆ! ಒಂದೇ ಗಿರಣಿ, ಅದೇ ಮೂರು ವರ್ಷ, ದಿಕ್ಕೇ ಉಲ್ಟಾ.

ನನ್ನ ಅಭಿಪ್ರಾಯ ಹೇಳುತ್ತೇನೆ. ಈ ಗಿರಣಿಗೆ ಸಿಸಿ ಸೇರಿಸಿಯೇ ನೋಡಬೇಕು. ಮೂರು ವರ್ಷದಲ್ಲಿ ಅತಿ ಜಾಸ್ತಿ ಬೆಳೆದ ಚಾಲ್ತಿ ಹೊಣೆಯೇ ಅದು, 120ರಿಂದ 230ಕ್ಕೆ. ಅದನ್ನೇ ತೆಗೆದುಬಿಟ್ಟರೆ ನೋಡಬೇಕಾದದ್ದನ್ನೇ ಮುಚ್ಚಿದಂತೆ. ಸಿಸಿ ಮಿತಿ ನಿಂತಿರುವುದೂ ಸ್ಟಾಕಿನ ಮೇಲೆ. ತಿಂಗಳಿಗೊಮ್ಮೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು, ಅದರ ಬೆಲೆಯಲ್ಲಿ ಮಾರ್ಜಿನ್ ಕಳೆದು ಬ್ಯಾಂಕು ಎಷ್ಟು ಎತ್ತಬಹುದು ಅಂತ ತೀರ್ಮಾನಿಸುತ್ತದೆ. ಭತ್ತದ ರೇಟು ಬಿದ್ದರೆ ಆ ಮಿತಿಯೂ ಕುಗ್ಗುತ್ತದೆ. ನೀವು ಬೇರೆ ವಿಧಾನ ಹಿಡಿದರೂ ಪರವಾಗಿಲ್ಲ, ಆದರೆ ಯಾವುದು ಅಂತ ಮೊದಲೇ ಬರೆದು, ಮೂರೂ ವರ್ಷಕ್ಕೆ ಅದನ್ನೇ ಹಾಕಿ.

ಸ್ಟಾಕ್ ಜಾಸ್ತಿ ಆದರೆ ಮಾಲು ಮಾರಾಟವಾಗುತ್ತಿಲ್ಲ ಅಂತ ತಾನೇ ಅರ್ಥ?

ಬೇರೆ ವ್ಯಾಪಾರದಲ್ಲಿ ಬಹಳ ಸಲ ಹೌದು. ಅಕ್ಕಿ ಗಿರಣಿಯಲ್ಲಿ ಹಾಗೆ ಹೇಳಿಬಿಡಲು ಆಗುವುದಿಲ್ಲ.

ಮೊದಲು ದಿನಗಳ ಲೆಕ್ಕ ಹಾಕಿ. ಸ್ಟಾಕನ್ನು ಮಾರಿದ ಮಾಲಿನ ವೆಚ್ಚದಿಂದ ಭಾಗಿಸಿ 365ರಿಂದ ಗುಣಿಸಿದರೆ 57 ದಿನ, 76 ದಿನ, 95 ದಿನ. ಮಾರ್ಚ್ 31ರಂದು ಇರುವ ಭತ್ತ ಜುಲೈ ಮೊದಲ ವಾರದವರೆಗೆ ಗಿರಣಿ ಓಡಿಸಲು ಸಾಕು ಅಂತ ಇದರ ಅರ್ಥ. ನಮ್ಮ ಕಡೆ ಮುಂಗಾರಿನ ಭತ್ತ ನವೆಂಬರ್, ಡಿಸೆಂಬರ್ ಹೊತ್ತಿಗೆ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಬೇಸಿಗೆ ಬೆಳೆಗೆ ನೀರು ಬಿಟ್ಟರೆ ಏಪ್ರಿಲ್, ಮೇನಲ್ಲಿ ಇನ್ನೊಂದು ಸುಗ್ಗಿ. ಹಾಗಾಗಿ ಮಾರ್ಚ್ ಕೊನೆಯಲ್ಲಿ ಗೋದಾಮು ತುಂಬಿರುವುದು ಸಹಜ. ಅದೇ ಗಿರಣಿಯನ್ನು ಅಕ್ಟೋಬರ್‌ನಲ್ಲಿ ಅಳೆದರೆ ಸ್ಟಾಕು ಅರ್ಧವೂ ಇರಲಿಕ್ಕಿಲ್ಲ. ಮಾರ್ಚನ್ನು ಮಾರ್ಚಿಗೇ ಹೋಲಿಸುತ್ತಿದ್ದೇವೆ, ಅದು ನ್ಯಾಯ. ಆದರೆ 95 ದಿನ ವರ್ಷವಿಡೀ ಹಾಗೇ ಇರುತ್ತದೆ ಅಂತ ಬರೆಯಬೇಡಿ.

ಇನ್ನು ಯಾಕೆ ಹಿಡಿದಿಟ್ಟರು ಅನ್ನುವುದು. ಒಮ್ಮೆ ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಒಂದು ಗಿರಣಿಗೆ ಹೋಗಿದ್ದೆ. ಸಾಹುಕಾರರು ಮೊನಚು ಕೊಳವೆಯನ್ನು ಚೀಲಕ್ಕೆ ಚುಚ್ಚಿದರು. ಅಂಗೈಗೆ ಒಂದಿಷ್ಟು ಭತ್ತ ಸುರಿಯಿತು. ಎರಡು ಕಾಳನ್ನು ಉಜ್ಜಿ ಸಿಪ್ಪೆ ತೆಗೆದು, ಹಲ್ಲಿನಿಂದ ಕಡಿದು ನೋಡಿದರು. ಕಟ್ ಅಂತ ಮುರಿಯಿತು. "ತಮ್ಮಾ, ಇದನ್ನ ಈಗ ಮಾರಿದ್ರ ರೊಕ್ಕ ಬರ್ತೈತಿ. ಆರು ತಿಂಗಳು ಇಟ್ರ ಇನ್ನೂ ಚೊಲೋ ರೊಕ್ಕ ಬರ್ತೈತಿ. ಆದ್ರ ಬ್ಯಾಂಕಿನ ಬಡ್ಡಿ ಆರು ತಿಂಗಳು ಸುಮ್ಮನ ಕೂಡಂಗಿಲ್ಲ ನೋಡು" ಅಂದರು. ಹಳೇ ಸೋನಾ ಮಸೂರಿ ಅನ್ನ ಉದುರು ಉದುರಾಗಿ ಆಗುತ್ತದೆ, ಅದಕ್ಕೆ ರೇಟು ಜಾಸ್ತಿ. ಸ್ಟಾಕು ಇಟ್ಟಿರುವುದು ಬೇಕೆಂದೇ ಇರಬಹುದು.

ಅವರ ಮಾತನ್ನು ಅಂಕಿಗೆ ಇಳಿಸಿ. ಕ್ವಿಂಟಲಿಗೆ 2500 ರೂಪಾಯಿಯ ಭತ್ತವನ್ನು 11 ಪರ್ಸೆಂಟ್ ಬಡ್ಡಿಯಲ್ಲಿ ಆರು ತಿಂಗಳು ಇಟ್ಟರೆ ಬಡ್ಡಿಯೇ ಸುಮಾರು 138 ರೂಪಾಯಿ. ಒಣಗಿ ನೂರಕ್ಕೆ ಒಂದು ಕೆಜಿ ತೂಕ ಕಡಿಮೆಯಾದರೆ ಇನ್ನೊಂದು 25. ರೇಟು ಕ್ವಿಂಟಲಿಗೆ 163 ರೂಪಾಯಿ ಏರಿದರೆ ಅಸಲು, ಅದರ ಮೇಲೆ ಬಂದದ್ದು ಲಾಭ.

ಆದರೆ ಸ್ಟಾಕಿನ ಬೆಲೆ ಏರಿದ್ದು ಭತ್ತ ಜಾಸ್ತಿ ಆಗಿದ್ದಕ್ಕೋ, ರೇಟು ಏರಿದ್ದಕ್ಕೋ ಅಂತ ಹೇಗೆ ತಿಳಿಯುವುದು?

ಬ್ಯಾಲೆನ್ಸ್ ಶೀಟಿನಿಂದ ತಿಳಿಯುವುದಿಲ್ಲ. ಗಿರಣಿಯವರನ್ನು ಎಷ್ಟು ಚೀಲ ಇತ್ತು ಅಂತ ಕೇಳಬೇಕು. ನಮ್ಮಲ್ಲಿ ಭತ್ತದ ರೇಟು 75 ಕೆಜಿ ಚೀಲಕ್ಕೆ ಹೇಳುತ್ತಾರೆ, ಅದನ್ನು ಕ್ವಿಂಟಲಿಗೆ ತಿರುಗಿಸಿಕೊಳ್ಳಿ. ಇಲ್ಲಿ ತಪ್ಪುವವರು ಬಹಳ.

ಸುಲಭವಾಗಲಿ ಅಂತ ಸ್ಟಾಕೆಲ್ಲ ಭತ್ತವೇ ಅಂದುಕೊಳ್ಳೋಣ. ಮೊದಲ ವರ್ಷ ಚೀಲಕ್ಕೆ 1500, ಅಂದರೆ ಕ್ವಿಂಟಲಿಗೆ 2000. 170 ಲಕ್ಷಕ್ಕೆ 8500 ಕ್ವಿಂಟಲ್. ಮೂರನೇ ವರ್ಷ ಚೀಲಕ್ಕೆ 1875, ಕ್ವಿಂಟಲಿಗೆ 2500. 330 ಲಕ್ಷಕ್ಕೆ 13,200 ಕ್ವಿಂಟಲ್. ಜಾಸ್ತಿಯಾದದ್ದು 160 ಲಕ್ಷ. ಅದರಲ್ಲಿ 4700 ಕ್ವಿಂಟಲ್ ಹೆಚ್ಚಿದ್ದಕ್ಕೆ ಹಳೇ ರೇಟಿನಲ್ಲಿ 94 ಲಕ್ಷ. ಉಳಿದ 66 ಲಕ್ಷ ಬರೀ ರೇಟಿನ ಏರಿಕೆ. "ಸ್ಟಾಕು 94 ಪರ್ಸೆಂಟ್ ಏರಿದೆ" ಅನ್ನುವ ಸಾಲಿಗಿಂತ "ಚೀಲಗಳು 55 ಪರ್ಸೆಂಟ್ ಹೆಚ್ಚಾದವು, ಉಳಿದದ್ದು ದರದ ಏರಿಕೆ" ಅನ್ನುವುದು ಎಷ್ಟೋ ಹೆಚ್ಚು ಹೇಳುತ್ತದೆ.

ಒಟ್ಟು ಲಾಭದ ಪ್ರಮಾಣ ಏರಿದೆ, ನಿವ್ವಳ ಲಾಭದ ಪ್ರಮಾಣ ಇಳಿದಿದೆ. ಎರಡನ್ನೂ ಹೇಗೆ ಜೋಡಿಸಲಿ?

ನನ್ನ ಮಟ್ಟಿಗೆ ಈ ಅಸೈನ್‌ಮೆಂಟಿನ ಹೃದಯವೇ ಇದು. ನೂರು ರೂಪಾಯಿ ಮಾರಾಟ ಅಂತ ಇಟ್ಟುಕೊಂಡು ನೋಡಿ.

ಮೊದಲ ವರ್ಷ ನೂರು ರೂಪಾಯಿಗೆ ಒಟ್ಟು ಲಾಭ 9.00. ಬಡ್ಡಿಗೆ 1.83 ಹೋಯಿತು, ಉಳಿದ ಖರ್ಚಿಗೆ 4.67. ಕೈಗೆ ಉಳಿದದ್ದು 2.50. ಮೂರನೇ ವರ್ಷ ಒಟ್ಟು ಲಾಭ 9.50. ಬಡ್ಡಿಗೆ 3.29, ಉಳಿದ ಖರ್ಚಿಗೆ 4.71. ಕೈಗೆ 1.50.

ಈಗ ಕಾಣುತ್ತಿದೆಯಲ್ಲ. ಹಮಾಲಿ, ಕರೆಂಟ್, ಸಂಬಳ ನೂರಕ್ಕೆ ನಾಲ್ಕೈದು ಪೈಸೆ ಮಾತ್ರ ಏರಿವೆ. "ಆಡಳಿತ ವೆಚ್ಚ ಹೆಚ್ಚಾದ್ದರಿಂದ ನಿವ್ವಳ ಲಾಭ ಇಳಿಯಿತು" ಅಂತ ಬರೆದರೆ ಅದು ತಪ್ಪು. ಅದನ್ನು ಪ್ರತಿ ವರ್ಷ ಹತ್ತಾರು ಮಕ್ಕಳು ಬರೆಯುತ್ತಾರೆ. ಗಿರಣಿ ಅರ್ಧ ರೂಪಾಯಿ ಜಾಸ್ತಿ ದುಡಿದಿದೆ, ಬಡ್ಡಿ ಹೆಚ್ಚುಕಡಿಮೆ ಒಂದೂವರೆ ರೂಪಾಯಿ ಜಾಸ್ತಿ ತಿಂದಿದೆ.

ಬಡ್ಡಿ ಯಾಕೆ ಏರಿತು? ಸಿಸಿ ಮತ್ತು ದೀರ್ಘಾವಧಿ ಸಾಲ ಸೇರಿ 210ರಿಂದ 420 ಲಕ್ಷ ಆಗಿದೆ. ಆ ಸಾಲ ಎಲ್ಲಿಗೆ ಹೋಯಿತು? ಸ್ಟಾಕು 160, ಉದ್ರಿ 70 ಲಕ್ಷ ಹೆಚ್ಚಾಗಿವೆ. ಉದ್ರಿ ವಸೂಲಾಗುವ ದಿನ 30ರಿಂದ 44ಕ್ಕೆ ಹೋಗಿದೆ. ಇತ್ತ ಕೊಡಬೇಕಾದ ಬಾಕಿ 80ರಿಂದ 70ಕ್ಕೆ ಇಳಿದಿದೆ. ಅಂದರೆ ಭತ್ತ ಕೊಟ್ಟವರಿಗೆ ಬೇಗ ಕೊಟ್ಟು, ಅಕ್ಕಿ ಒಯ್ದವರಿಂದ ತಡವಾಗಿ ಪಡೆಯುತ್ತಿದ್ದಾರೆ. ನಡುವಿನ ಅಂತರವನ್ನು ಸಾಲ ತುಂಬಿದೆ. ಕರೆಂಟ್ ರೇಶಿಯೊ ಏರಿದ್ದಕ್ಕೂ ಇದೇ ಕಾರಣ, ದೀರ್ಘಾವಧಿ ಸಾಲ ತಂದು ಚಾಲ್ತಿ ಆಸ್ತಿಗೆ ಹಾಕಿದ್ದಾರೆ. ಲಿಕ್ವಿಡಿಟಿಯ ಅಂಕಿಯನ್ನು ಚೆಂದ ಕಾಣಿಸಿದ ಅದೇ ಸಾಲ ಲಾಭವನ್ನು ಇಳಿಸಿದೆ. ಲಿಕ್ವಿಡಿಟಿ ಒಂದು ಅಧ್ಯಾಯ, ಲಾಭ ಇನ್ನೊಂದು ಅಧ್ಯಾಯ ಅಂತ ಬೇರೆ ಬೇರೆ ಬರೆದರೆ ಈ ಕೊಂಡಿ ತಪ್ಪಿಹೋಗುತ್ತದೆ.

ಹಾಗಾದರೆ ಒಟ್ಟು ಲಾಭ ಏರಿದ್ದು ನಿಜವಾದ ಸುಧಾರಣೆ ಅಂತ ಬರೆಯಬಹುದಾ?

ಒಂದು ಪರೀಕ್ಷೆ ಮಾಡದೆ ಬರೆಯಬೇಡಿ. ಮುಕ್ತಾಯದ ಸ್ಟಾಕಿಗೆ ಬೆಲೆ ಜಾಸ್ತಿ ಕಟ್ಟಿದರೆ ಒಟ್ಟು ಲಾಭ ಅಷ್ಟೇ ಜಾಸ್ತಿ ಕಾಣುತ್ತದೆ. ಮೂರನೇ ವರ್ಷ ಮಾರಾಟದ ಅರ್ಧ ಪರ್ಸೆಂಟ್ ಅಂದರೆ 7 ಲಕ್ಷ. ಅದನ್ನು 13,200 ಕ್ವಿಂಟಲಿಗೆ ಹಂಚಿದರೆ ಕ್ವಿಂಟಲಿಗೆ 53 ರೂಪಾಯಿ, ಚೀಲಕ್ಕೆ 40. ಚೀಲಕ್ಕೆ 40 ರೂಪಾಯಿ ಹೆಚ್ಚು ಬರೆದಿದ್ದರೆ ಸಾಕು, ಇಡೀ ಏರಿಕೆ ಮಾಯ. ಸ್ಟಾಕಿಗೆ ವೆಚ್ಚ ಅಥವಾ ಮಾರಿದರೆ ನಿವ್ವಳವಾಗಿ ಸಿಗುವ ಬೆಲೆ, ಎರಡರಲ್ಲಿ ಕಡಿಮೆಯಾದದ್ದನ್ನೇ ಹಿಡಿಯಬೇಕು ಅನ್ನುವುದು ನಿಯಮ. ಕೊಂಡ ರೇಟಿನಲ್ಲಿ ಬರೆದಿದ್ದಾರೋ, ಮಾರ್ಚ್ 31ರ ಮಾರುಕಟ್ಟೆ ರೇಟಿನಲ್ಲೋ ಅಂತ ಕೇಳಿ. ಉತ್ತರ ಸಿಗದಿದ್ದರೆ "ಈ ಏರಿಕೆ ಸ್ಟಾಕಿನ ಬೆಲೆ ಕಟ್ಟಿದ ರೀತಿಯಿಂದಲೂ ಬಂದಿರಬಹುದು" ಅಂತ ಬರೆಯಿರಿ. ಅದಕ್ಕೆ ಅಂಕ ಕಡಿಮೆ ಆಗುವುದಿಲ್ಲ.

ಮಾರ್ಚ್ ಕೊನೆಯಲ್ಲಿ ಲೆಕ್ಕವನ್ನು ಚೆಂದ ಕಾಣಿಸುವುದು ಅಂದರೇನು?

ಮಾರ್ಚ್ 30ರಂದು 100 ಲಕ್ಷ ಉದ್ರಿ ವಸೂಲು ಮಾಡಿ ಸಿಸಿ ಖಾತೆಗೆ ಕಟ್ಟಿದರು ಅಂದುಕೊಳ್ಳಿ. ಚಾಲ್ತಿ ಆಸ್ತಿ 410, ಹೊಣೆ 200. ಕರೆಂಟ್ ರೇಶಿಯೊ 1.7 ಇದ್ದದ್ದು 2.05. ಏಪ್ರಿಲ್ ಮೊದಲ ವಾರದಲ್ಲಿ ಅದೇ ಹಣ ಎತ್ತಿ ಭತ್ತ ಕೊಂಡರೆ ಮತ್ತೆ ಹಳೇ ಸ್ಥಿತಿ. ಒಂದು ದಿನದ ಅಂಕಿಯನ್ನು ವರ್ಷದ ಆರೋಗ್ಯ ಅಂತ ಓದಬಾರದು. ಸಿಸಿ ಖಾತೆಯ ತಿಂಗಳ ಬಾಕಿ ಸಿಕ್ಕರೆ ತಕ್ಷಣ ಗೊತ್ತಾಗುತ್ತದೆ.

ಕಾರಣಗಳನ್ನು ಬರೆಯುವಾಗ ಊರಿನ ಘಟನೆಗಳನ್ನು ಸೇರಿಸಬಹುದಾ?

ಸೇರಿಸಲೇಬೇಕು, ಆದರೆ ಅಂಕಿಯ ಜೊತೆ ತಾಳೆ ನೋಡಿ. ಒಬ್ಬ ಹುಡುಗ "ತುಂಗಭದ್ರಾ ಡ್ಯಾಮಿನ ಗೇಟು ಕೊಚ್ಚಿಹೋದ್ದರಿಂದ ಲಾಭ ಇಳಿಯಿತು" ಅಂತ ಬರೆದಿದ್ದ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿದ್ದು ನಿಜ, ನಮಗೆಲ್ಲ ಎದೆ ಝಲ್ಲೆಂದಿತ್ತು. ಆದರೆ ಒಂದು ವಾರದಲ್ಲೇ ಸ್ಟಾಪ್‌ಲಾಗ್ ಇಳಿಸಿದರು, ಮಳೆ ಬಂದು ಡ್ಯಾಮು ಮತ್ತೆ ತುಂಬಿತು. ಲಾಭ ಇಳಿಯಲು ಅದೇ ಕಾರಣವಾಗಿದ್ದರೆ ಭತ್ತ ಸಿಗದೆ ಮಾರಾಟವೋ ಒಟ್ಟು ಲಾಭವೋ ಕುಸಿದಿರಬೇಕಿತ್ತು. ಅವನ ಪಟ್ಟಿಯಲ್ಲಿ ಎರಡೂ ಏರಿದ್ದವು, ಬಡ್ಡಿ ಮಾತ್ರ ಜಿಗಿದಿತ್ತು.

ರೇಟಿನ ವಿಷಯಕ್ಕೆ ಬಂದರೆ ಕೇಂದ್ರ ಸರ್ಕಾರ 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು, 2024ರ ಸೆಪ್ಟೆಂಬರ್ ಕೊನೆಗೆ ಮತ್ತೆ ಬಿಟ್ಟಿತು. ನೀರಿನ ವಿಷಯಕ್ಕೆ ನೀರಾವರಿ ಸಲಹಾ ಸಮಿತಿ ಎರಡನೇ ಬೆಳೆಗೆ ನೀರು ಕೊಟ್ಟಿತೋ ಇಲ್ಲವೋ ನೋಡಿ. ನೀರಿಲ್ಲ ಅಂತ ಗೊತ್ತಾದ ವರ್ಷ ಮಾರ್ಚಿನಲ್ಲಿ 95 ದಿನದ ಭತ್ತ ಇಟ್ಟುಕೊಳ್ಳುವುದು ಜಾಣತನ. ನೀರು ಬಿಟ್ಟ ವರ್ಷ ಅದೇ 95 ದಿನ ಭಾರ, ಯಾಕಂದರೆ ಒಂದೇ ತಿಂಗಳಲ್ಲಿ ಹೊಸ ಭತ್ತ ಮಾರುಕಟ್ಟೆಗೆ ಬರುತ್ತದೆ.

ಒಂದು ಪ್ಯಾರಾ ಮಾದರಿ ಬರೆದು ತೋರಿಸಿ, ಸರ್.

"ಮೂರು ವರ್ಷದಲ್ಲಿ ಕರೆಂಟ್ ರೇಶಿಯೊ 1.5ರಿಂದ 1.7ಕ್ಕೆ ಏರಿದರೂ ನಗದು 30 ಲಕ್ಷದಿಂದ 10 ಲಕ್ಷಕ್ಕೆ ಇಳಿದಿದೆ. ಏರಿಕೆ ಬಂದದ್ದು ಸ್ಟಾಕು ಮತ್ತು ಉದ್ರಿಯಿಂದ. ಇವುಗಳಿಗೆ ಹಣ ಒದಗಿಸಲು ಸಾಲ ದುಪ್ಪಟ್ಟಾಗಿದೆ. ಒಟ್ಟು ಲಾಭ ಅರ್ಧ ಪರ್ಸೆಂಟ್ ಸುಧಾರಿಸಿದರೂ ಬಡ್ಡಿಯ ಭಾರದಿಂದ ನಿವ್ವಳ ಲಾಭ 2.5ರಿಂದ 1.5 ಪರ್ಸೆಂಟಿಗೆ ಇಳಿದಿದೆ. ಉದ್ರಿಯನ್ನು ಮತ್ತೆ 30 ದಿನಕ್ಕೆ ತಂದರೆ ಸುಮಾರು 55 ಲಕ್ಷ ಬಿಡುಗಡೆಯಾಗುತ್ತದೆ. ಸ್ಟಾಕಿನ ಬೆಲೆ ಕಟ್ಟಿದ ವಿಧಾನ ತಿಳಿದಿಲ್ಲವಾದ್ದರಿಂದ ಒಟ್ಟು ಲಾಭದ ಏರಿಕೆಯನ್ನು ಖಚಿತ ಅನ್ನಲಾಗದು."

55 ಎಲ್ಲಿಂದ ಬಂತು ಅಂತ ವೈವಾದಲ್ಲಿ ಕೇಳುತ್ತಾರೆ. 1400ನ್ನು 365ರಿಂದ ಭಾಗಿಸಿ 30ರಿಂದ ಗುಣಿಸಿದರೆ 115. ಈಗಿರುವ 170ರಿಂದ ಅದನ್ನು ಕಳೆಯಿರಿ.

ಗಿರಣಿಯವರು ಲೆಕ್ಕ ಕೊಡಲು ಒಪ್ಪದಿದ್ದರೆ?

ಅವರನ್ನು ಒತ್ತಾಯಿಸಬೇಡಿ, ಅದು ಅವರ ಮನೆಯ ಲೆಕ್ಕ. ಕೊಟ್ಟರೂ ಹೆಸರು ಹಾಕದೆ "ಕೊಪ್ಪಳ ಜಿಲ್ಲೆಯ ಒಂದು ಗಿರಣಿ" ಅಂತಲೇ ಬರೆಯಿರಿ. ಸಿಗದಿದ್ದರೆ ಷೇರುಪೇಟೆಯಲ್ಲಿರುವ ಅಕ್ಕಿ ಕಂಪನಿಗಳ ವಾರ್ಷಿಕ ವರದಿ ಎಲ್ಲರಿಗೂ ತೆರೆದಿರುತ್ತದೆ. ಅವುಗಳಲ್ಲಿ ದೊಡ್ಡವು ಬಾಸ್ಮತಿ ಕಂಪನಿಗಳು. ಬಾಸ್ಮತಿಯನ್ನು ಒಂದು ವರ್ಷಕ್ಕಿಂತ ಜಾಸ್ತಿ ಹಳೇದು ಮಾಡಿ ಮಾರುವುದುಂಟು, ಹಾಗಾಗಿ ಅಲ್ಲಿನ ಸ್ಟಾಕ್ ದಿನಗಳನ್ನು ನಮ್ಮ ಸೋನಾ ಮಸೂರಿ ಗಿರಣಿಯ 95 ದಿನದ ಪಕ್ಕ ಇಟ್ಟು ಹೋಲಿಸಬೇಡಿ.